ಹಳೆಯ ಆಟಕ್ಕೊಬ್ಬ ದುಭಾಷಿ

2003ರಲ್ಲಿ ಗಣಕಯಂತ್ರಕ್ಕೆ ಬಂದ ‘ವೈಸ್ ಸಿಟಿ’ ಆಟವು ತನ್ನ ಚಿತ್ರಗಳಿಗೆ ಡೈರೆಕ್ಟ್ ತ್ರೀಡಿಯ 8ನೆಯ ಆವೃತ್ತಿಯನ್ನು ನಂಬಿದೆ. ಇಂದಿನ ವಿಂಡೋಸ್‌ನಲ್ಲಿ ಅದು ತೆರೆಯದಿದ್ದರೆ, ಮೊದಲು gta-vc.exe ಕಡತದ ಗುಣಲಕ್ಷಣಗಳಲ್ಲಿ ವಿಂಡೋಸ್ ಎಕ್ಸ್‌ಪಿ ಹೊಂದಾಣಿಕೆಯನ್ನು ಆರಿಸಿ ನೋಡುವುದು ವಾಡಿಕೆ. ಇದು ಮುಖ್ಯವಾಗಿ, ಆವೃತ್ತಿಯನ್ನು ವಿಚಾರಿಸುವ ಆಟಕ್ಕೆ ಹಳೆಯ ಉತ್ತರವನ್ನೇ ಕೊಡುವ ಉಪಾಯ. ಚಿತ್ರ ಕೆಟ್ಟಿದ್ದರೆ ಸಾಮಾನ್ಯವಾಗಿ ಸಾಲದು.

ಅದಕ್ಕೆ d3d8to9 ಎಂಬ ದುಭಾಷಿ ಬೇಕು. ಅದರ d3d8.dll ಕಡತವನ್ನು ಆಟದ ಕೋಶದಲ್ಲಿಯೇ ಇರಿಸಬೇಕು. ವಿಂಡೋಸ್‌ನ ಕೋಶಕ್ಕಿಂತ ಮುಂಚೆ ಆಟವು ಹುಡುಕುವುದು ತನ್ನ ಕೋಶವನ್ನೇ. ಅಲ್ಲಿಂದ ಮುಂದೆ 8ನೆಯ ಆವೃತ್ತಿಯ ಕರೆಗಳೆಲ್ಲ 9ನೆಯದಕ್ಕೆ ಅನುವಾದಗೊಂಡು ಸಾಗುತ್ತವೆ.

ಆದರೆ ಸೇಫ್‌ಡಿಸ್ಕ್ ಕಾವಲಿರುವ ಮೂಲ ತಟ್ಟೆಯ ಮುಂದೆ ಈ ದುಭಾಷಿಯೂ ನಿರುಪಾಯ: ಆ ಕಾವಲಿನ secdrv.sys ಚಾಲಕವನ್ನು 2015ರಲ್ಲಿ ಬಂದ ವಿಂಡೋಸ್ 10 ಒಳಗೆ ಬಿಡುವುದಿಲ್ಲ.