ಒಂದೂವರೆ ಕೋಟಿ ದಾಟಿದ್ದು ಯಾವ ದಿನ?

ತೆಕ್ಕಟ್ಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ಒಂದು ಹಾರ್ಡ್‌ವೇರ್ ಅಂಗಡಿ ಇದೆಯೆಂದು ಇಟ್ಟುಕೊಳ್ಳೋಣ. ಪಿವಿಸಿ ಪೈಪು, ಪೇಂಟು, ಪಂಪ್‌ಸೆಟ್ಟು, ಎಲ್ಲಕ್ಕೂ ಶೇ. 18 ಜಿಎಸ್‌ಟಿ. ಮಾಲೀಕರು ಕಾಂಪೊಸಿಷನ್ ಡೀಲರ್. ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಎಂದು ಕಳೆಯುವಂತಿಲ್ಲ. ಮೂರು ತಿಂಗಳಿಗೊಮ್ಮೆ ಮಾರಾಟದ ಶೇ. 1ರಷ್ಟು ಕಟ್ಟಿದರೆ ಮುಗಿಯಿತು. ಇದಕ್ಕೆ 2019ರ ಏಪ್ರಿಲ್‌ನಿಂದ ವಾರ್ಷಿಕ ವಹಿವಾಟಿನ ಮಿತಿ 1.5 ಕೋಟಿ ರೂಪಾಯಿ.

ಇದೇ ಮಾಲೀಕರಿಗೆ ಸ್ವಲ್ಪ ಒಳಗೆ ಪಶು ಆಹಾರದ ಇನ್ನೊಂದು ಮಳಿಗೆಯೂ ಇದೆ. ಪಶು ಆಹಾರಕ್ಕೆ ತೆರಿಗೆ ಇಲ್ಲ. ಹಾಗಾಗಿ ಅದರ ಮಾರಾಟವನ್ನು ಅವರು ಮಿತಿಯ ಲೆಕ್ಕಕ್ಕೆ ತಂದೇ ಇಲ್ಲ. ತಪ್ಪಿದ್ದು ಇಲ್ಲಿ. ಶೇ. 1 ಕಟ್ಟಬೇಕಾದದ್ದು ತೆರಿಗೆ ಬೀಳುವ ಸರಕಿನ ಮೇಲೆ ಮಾತ್ರ, ನಿಜ. ಆದರೆ ಮಿತಿ ದಾಟಿತೇ ಎಂದು ನೋಡುವಾಗ ಒಂದೇ ಪ್ಯಾನ್‌ನಡಿ ಇರುವ ಎಲ್ಲ ಅಂಗಡಿಗಳ ಮಾರಾಟವೂ ತೆರಿಗೆ ವಿನಾಯಿತಿಯ ಸರಕು ಸೇರಿ ಒಟ್ಟಾಗುತ್ತದೆ. ಬಿಡಿ ಅಕ್ಕಿ, ತರಕಾರಿ ಮಾರುವ ಜಿನಸಿ ಅಂಗಡಿಯವರೂ ಜಾರುವುದು ಈ ಜಾಗದಲ್ಲೇ.

2024-25ರಲ್ಲಿ ಹಾರ್ಡ್‌ವೇರ್ 1.05 ಕೋಟಿ, ಪಶು ಆಹಾರ 55 ಲಕ್ಷ, ಒಟ್ಟು 1.60 ಕೋಟಿ ಆಯಿತೆನ್ನಿ. ಬ್ಯಾಂಕ್ ಖಾತೆಯ ಜಮೆ, ಯುಪಿಐ ಮೊತ್ತ, ಸರಬರಾಜುದಾರರು ಸಲ್ಲಿಸಿದ ಬಿಲ್ಲುಗಳು ಇಲಾಖೆಗೆ ಕಾಣುತ್ತವೆ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದಾಗ ಎದ್ದ ಗದ್ದಲ ನೆನಪಿರಬಹುದು. ಅದು ಹೆಚ್ಚಾಗಿ ನೋಂದಣಿಯೇ ಇಲ್ಲದವರ ಪ್ರಕರಣ. ನಮ್ಮ ಅಂಗಡಿಯವರದು ಬೇರೆ: ನೋಂದಣಿ ಇದೆ, ಆದರೆ ಇರಬಾರದ ವರ್ಗದಲ್ಲಿದ್ದಾರೆ. ಅವರ ನೋಟಿಸ್ ಹೇಳುವುದು ಇಷ್ಟು: 1.05 ಕೋಟಿಗೆ ಶೇ. 18ರಂತೆ 18.90 ಲಕ್ಷ ಕಟ್ಟಿ, ಜೊತೆಗೆ ಬಡ್ಡಿ, ದಂಡ.

ಮೊತ್ತ ನೋಡಿ ಎದೆ ಒಡೆಯುವ ಮೊದಲು ಕಾನೂನಿನ 10(3)ನೇ ಕಲಮನ್ನು ಓದಬೇಕು. ಕಾಂಪೊಸಿಷನ್ ಆಯ್ಕೆ ರದ್ದಾಗುವುದು ವಹಿವಾಟು ಮಿತಿ ಮೀರಿದ ದಿನದಿಂದ; ವರ್ಷದ ಆರಂಭದಿಂದ ಅಲ್ಲ. ಆದ್ದರಿಂದ ಉತ್ತರದ ಜೀವ ಒಂದು ತಾರೀಕಿನಲ್ಲಿದೆ. ಎರಡೂ ಅಂಗಡಿಯ ದಿನದಿನದ ಮಾರಾಟವನ್ನು ಏಪ್ರಿಲ್ 1ರಿಂದ ಕೂಡಿಸುತ್ತ ಬಂದರೆ, ಫೆಬ್ರವರಿ 23ರ ಸಂಜೆಗೆ ಸರಿಯಾಗಿ 1.5 ಕೋಟಿ ತುಂಬಿ, 24ರಂದು ಮೀರಿತು ಎನ್ನೋಣ. ಅಲ್ಲಿಂದ ಮಾರ್ಚ್ 31ರ ತನಕ ಹಾರ್ಡ್‌ವೇರ್ ಮಾರಾಟ 7 ಲಕ್ಷ. ಶೇ. 18 ಬೀಳುವುದು ಇದರ ಮೇಲೆ: 1.26 ಲಕ್ಷ. ಆ 7 ಲಕ್ಷಕ್ಕೆ ಆಗಲೇ ಕಟ್ಟಿದ 7,000 ರೂಪಾಯಿಯನ್ನು ಹೊಂದಿಸಿಕೊಳ್ಳಿ ಎಂದೂ ಕೇಳಬೇಕು. ಗಿರಾಕಿ ಕೊಟ್ಟ ಬೆಲೆಯಲ್ಲೇ ತೆರಿಗೆ ಅಡಗಿದೆ, ಹಾಗಾಗಿ 7 ಲಕ್ಷದ 118ರಲ್ಲಿ 18 ಭಾಗ, ಅಂದರೆ ಸುಮಾರು 1.07 ಲಕ್ಷ ಮಾತ್ರ ಎಂದು ವಾದಿಸಲೂ ಜಾಗವಿದೆ. ಅಧಿಕಾರಿ ಒಪ್ಪಿಯೇ ಒಪ್ಪುತ್ತಾರೆಂದು ನಂಬಿ ಕೂರಬೇಡಿ.

ಹೀಗೆ ದಿನದಿನದ ಮಾರಾಟ ಕೂಡಿಸಿದ ಪಟ್ಟಿಯನ್ನು ಉತ್ತರಕ್ಕೆ ಲಗತ್ತಿಸಿ. ಅದರ ಜೊತೆ ಮಾರಾಟದ ಬಿಲ್ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್ ಇರಲಿ. ಸಾಲ, ಮನೆಯವರು ಹಾಕಿದ ಹಣ ಮಾರಾಟವಲ್ಲ ಎಂಬುದನ್ನು ಸಾಲುಸಾಲಾಗಿ ಗುರುತಿಸಿ. ಖುದ್ದು ವಿಚಾರಣೆ ಬೇಕೆಂದು ಉತ್ತರದಲ್ಲೇ ಬರೆಯಿರಿ. ಕಾಂಪೊಸಿಷನ್ ರದ್ದತಿಯ CMP-05 ನೋಟಿಸ್ ಬಂದರೆ CMP-06ರಲ್ಲಿ ಉತ್ತರಿಸಲು 15 ದಿನ ಮಾತ್ರ. ತೆರಿಗೆ ಕೇಳುವ ನೋಟಿಸ್ ಬೇರೆಯೇ. 2024-25ರಿಂದ ಜಾರಿಯಾದ 74ಎ ಕಲಮಿನಡಿ, ವಂಚನೆಯ ಆರೋಪವಿಲ್ಲದಿದ್ದರೆ, ನೋಟಿಸ್ ಬಂದ 60 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದವರಿಗೆ ದಂಡವಿಲ್ಲ.

ಈ 1.26 ಲಕ್ಷವೂ ಪೂರ್ತಿ ಕೈಯಿಂದ ಹೋಗಬೇಕಿರಲಿಲ್ಲ. ದಾಟಿದ ಏಳು ದಿನದೊಳಗೆ CMP-04 ಸಲ್ಲಿಸಿದ್ದರೆ, 23ರಂದು ಅಂಗಡಿಯಲ್ಲಿದ್ದ ದಾಸ್ತಾನಿನ ಮೇಲಿನ ಖರೀದಿ ತೆರಿಗೆಯನ್ನು ITC-01ರಲ್ಲಿ ತೋರಿಸಿ ಪಡೆಯಬಹುದಿತ್ತು. 4 ಲಕ್ಷದ ದಾಸ್ತಾನಾದರೆ ಅದೇ 72,000. ಖರೀದಿ ಬಿಲ್ಲಿಗೆ ಒಂದು ವರ್ಷ ದಾಟಿದರೆ ಆ ಹಕ್ಕು ಹೋಗುತ್ತದೆ. ನೋಟಿಸ್ ಬರುವುದು ಸಾಮಾನ್ಯವಾಗಿ ಆ ಒಂದು ವರ್ಷ ಕಳೆದ ಮೇಲೆಯೇ.

ಇನ್ನೂ ದೊಡ್ಡ ಹೊಡೆತ ಮುಂದಿನ ವರ್ಷದಲ್ಲಿದೆ. ಹಿಂದಿನ ವರ್ಷ 1.5 ಕೋಟಿ ಮೀರಿದವರು ಈ ವರ್ಷ ಕಾಂಪೊಸಿಷನ್‌ಗೆ ಅರ್ಹರೇ ಅಲ್ಲ. ನಮ್ಮ ಮಾಲೀಕರು 2025-26ರಲ್ಲೂ ಶೇ. 1 ಕಟ್ಟುತ್ತ ಹೋಗಿದ್ದರೆ ಏಪ್ರಿಲ್ 1ರಿಂದಲೇ ಇಡೀ ಹಾರ್ಡ್‌ವೇರ್ ಮಾರಾಟಕ್ಕೆ ಶೇ. 18, ಇಲ್ಲಿ ತಾರೀಕಿನ ವಾದ ನಡೆಯದು. ನೋಟಿಸ್ ಒಂದು ವರ್ಷದ್ದೇ ಬಂದಿದ್ದರೂ ಆ ನಂತರದ ರಿಟರ್ನ್‌ಗಳನ್ನು ಅದೇ ದಿನ ತೆಗೆದು ನೋಡಬೇಕು. ವಹಿವಾಟು ಮತ್ತೆ ಮಿತಿಯೊಳಗೆ ಇಳಿದ ವರ್ಷ ಮುಗಿಯುವ ಮೊದಲು CMP-02 ಸಲ್ಲಿಸಿದರೆ, ಮುಂದಿನ ಏಪ್ರಿಲ್‌ನಿಂದ ಕಾಂಪೊಸಿಷನ್‌ಗೆ ಮರಳಬಹುದು.