ಚಿನ್ನಕ್ಕೆ ‘ಸರಿಯಾದ ಬೆಲೆ’ ಹೇಳುವ ಸೂತ್ರಗಳು ಎಲ್ಲಿ ಎಡವುತ್ತವೆ?

ಮನೆಗೆ ಬಾಡಿಗೆ ಬರುತ್ತದೆ, ಬಾಂಡಿಗೆ ಬಡ್ಡಿ ಬರುತ್ತದೆ, ಷೇರಿನ ಹಿಂದೆ ಕಂಪನಿಯ ಲಾಭ ಇರುತ್ತದೆ. ಮುಂದೆ ಬರುವ ಆದಾಯವನ್ನು ಲೆಕ್ಕ ಹಾಕಿ ಇವುಗಳ ಬೆಲೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತೂಗಿ ನೋಡಬಹುದು. ಚಿನ್ನ ತನ್ನಷ್ಟಕ್ಕೆ ಏನನ್ನೂ ದುಡಿಯುವುದಿಲ್ಲ. ಕಾಪಾಡಲು ಮೇಲಿಂದ ಖರ್ಚು ಬೇರೆ. ಹಾಗಾಗಿ ಅದರ ಸರಿಯಾದ ಬೆಲೆ ಹುಡುಕುವವರು ಎರಡು ಬಳಸುದಾರಿ ಹಿಡಿದಿದ್ದಾರೆ. ಒಂದು, ಚಿನ್ನ ಇಟ್ಟುಕೊಂಡವರು ಕಳೆದುಕೊಳ್ಳುವ ಬಡ್ಡಿಯಿಂದ ಬೆಲೆ ಕಟ್ಟುವುದು. ಇನ್ನೊಂದು, ಗಣಿಯಿಂದ ಅದನ್ನು ಹೊರತೆಗೆಯುವ ವೆಚ್ಚದಿಂದ ಕಟ್ಟುವುದು. ಎರಡರಲ್ಲೂ ತಿರುಳಿದೆ. ಆದರೆ ಇವು ಅಳೆಯುವುದು ಒಂದು ಕಾಲದ, ಒಂದು ಬಗೆಯ ಖರೀದಿದಾರರ ನಡವಳಿಕೆಯನ್ನು. ಅದನ್ನೇ ಚಿನ್ನದ ಮೌಲ್ಯವೆಂದು ಓದಿದಾಗ ಲೆಕ್ಕ ದಾರಿ ತಪ್ಪುತ್ತದೆ.

ಮೊದಲ ಸೂತ್ರದ ತರ್ಕ ಸರಳ. ಬಡ್ಡಿಯಲ್ಲಿ ಹಣದುಬ್ಬರವನ್ನು ಕಳೆದರೆ ಉಳಿಯುವುದು ನೈಜ ಬಡ್ಡಿ. ಹಣದುಬ್ಬರಕ್ಕೆ ತಕ್ಕಂತೆ ಅಸಲು ಏರುವ ಬಾಂಡುಗಳನ್ನು ಅಮೆರಿಕ ಸರ್ಕಾರ 1997ರಿಂದ ಮಾರುತ್ತಿದೆ. ಅವುಗಳ ಮೇಲಿನ ಪ್ರತಿಫಲವೇ ನೈಜ ಬಡ್ಡಿಯ ಅಳತೆಗೋಲು. ಆ ಬಾಂಡು ಹಣದುಬ್ಬರದಿಂದ ರಕ್ಷಣೆ ಕೊಟ್ಟು, ಮೇಲೆ ಶೇ 2ರಷ್ಟು ಬಡ್ಡಿಯನ್ನೂ ಕೊಡುವಾಗ ಬಡ್ಡಿಯಿಲ್ಲದ ಚಿನ್ನ ದುಬಾರಿ ಎನಿಸುತ್ತದೆ. ಅದೇ ಬಡ್ಡಿ ಸೊನ್ನೆಗಿಂತ ಕೆಳಗಿಳಿದರೆ ಚಿನ್ನವೇ ಲೇಸು ಎನಿಸುತ್ತದೆ. ಚಿನ್ನದ ಬೆಲೆಯನ್ನು ನೈಜ ಬಡ್ಡಿಗೆ ಜೋಡಿಸುವ ಈ ವಿಚಾರವನ್ನು ರಾಬರ್ಟ್ ಬಾರ್‌ಸ್ಕಿ ಮತ್ತು ಲಾರೆನ್ಸ್ ಸಮರ್ಸ್ 1988ರ ತಮ್ಮ ಪ್ರಬಂಧದಲ್ಲಿ ಚರ್ಚಿಸಿದ್ದರು. 2007ರಿಂದ 2021ರವರೆಗಿನ ನಕ್ಷೆಯಲ್ಲಿ ಈ ನಂಟು ಎದ್ದು ಕಾಣುತ್ತದೆ: ಬಹುಮಟ್ಟಿಗೆ ಹತ್ತು ವರ್ಷದ ಬಾಂಡಿನ ನೈಜ ಬಡ್ಡಿ ಇಳಿದಾಗ ಚಿನ್ನ ಏರಿದೆ, ಅದು ಏರಿದಾಗ ಚಿನ್ನ ಇಳಿದಿದೆ.

ಈ ನಂಟಿನಿಂದ ಬೆಲೆ ಹೇಗೆ ಹೊರಡುತ್ತದೆಂದು ಒಂದು ಲೆಕ್ಕ ಮಾಡಿ ನೋಡೋಣ. 2012ರ ಕೊನೆಗೆ ನೈಜ ಬಡ್ಡಿ ಸೊನ್ನೆಗಿಂತ ಸುಮಾರು ಶೇ 0.7ರಷ್ಟು ಕೆಳಗಿತ್ತು, ಚಿನ್ನ ಔನ್ಸಿಗೆ ಸುಮಾರು 1,660 ಡಾಲರ್ ಇತ್ತು. ಒಂದೇ ವರ್ಷದಲ್ಲಿ ಬಡ್ಡಿ ಸೊನ್ನೆಯನ್ನು ದಾಟಿ ಶೇ 0.8ಕ್ಕೆ ಏರಿತು, ಚಿನ್ನ 1,205 ಡಾಲರಿಗೆ ಇಳಿಯಿತು. ಅಂದರೆ ನೈಜ ಬಡ್ಡಿ ಒಂದು ಅಂಶ ಏರಿದರೆ ಚಿನ್ನ ಆಗಿನ ಬೆಲೆಯ ಹೆಚ್ಚುಕಡಿಮೆ ಐದನೇ ಒಂದು ಭಾಗ ಇಳಿಯುತ್ತದೆ ಎಂದಾಯಿತು. ಇದೇ ಅನುಪಾತವನ್ನು ಮುಂದಿನ ಕಾಲಕ್ಕೆ ಅನ್ವಯಿಸಿ. 2021ರ ಕೊನೆಗೆ ಚಿನ್ನ ಸುಮಾರು 1,800 ಡಾಲರ್, ನೈಜ ಬಡ್ಡಿ ಸೊನ್ನೆಗಿಂತ ಶೇ 1ರಷ್ಟು ಕೆಳಗೆ. 2023ರ ಅಕ್ಟೋಬರ್ ವೇಳೆಗೆ ಬಡ್ಡಿ ಶೇ 2.5ರ ಹತ್ತಿರಕ್ಕೆ ಬಂದಿತ್ತು, ಅಂದರೆ ಮೂರೂವರೆ ಅಂಶಗಳ ಏರಿಕೆ. ಸೂತ್ರದ ಪ್ರಕಾರ ಆಗ ಚಿನ್ನ ಸುಮಾರು 825 ಡಾಲರ್ ಆಗಬೇಕಿತ್ತು. ಮಾರುಕಟ್ಟೆಯಲ್ಲಿ ಅದು 2,000ದ ಆಸುಪಾಸಿನಲ್ಲಿತ್ತು. 2025ರಲ್ಲಿ 4,000 ದಾಟಿತು. ಆಗಲೂ ನೈಜ ಬಡ್ಡಿ ಸೊನ್ನೆಗಿಂತ ಬಹಳ ಮೇಲೇ ಇತ್ತು.

ಇಷ್ಟು ದೊಡ್ಡ ತಪ್ಪಿಗೆ ಮೊದಲ ಕಾರಣ ಸಂಖ್ಯಾಶಾಸ್ತ್ರದಲ್ಲೇ ಇದೆ. ಹದಿನೈದು ವರ್ಷಗಳ ದಿನದಿನದ ಅಂಕಿಗಳೆಂದರೆ ಸಾವಿರಾರು ಸಾಕ್ಷಿಗಳು ಸಿಕ್ಕಂತೆ ತೋರುತ್ತದೆ. ಆದರೆ ಆ ಅವಧಿಯಲ್ಲಿ ನಡೆದ ದೊಡ್ಡ ಘಟನೆ ಒಂದೇ: ಜಾಗತಿಕ ಹಣಕಾಸು ಬಿಕ್ಕಟ್ಟಿನ ನಂತರ ಬಡ್ಡಿ ದೀರ್ಘಕಾಲ ಇಳಿಯುತ್ತ ಹೋಗಿದ್ದು. ಹೀಗೆ ದೀರ್ಘಕಾಲ ತಂತಮ್ಮ ದಿಕ್ಕಿಗೆ ಸರಿಯುತ್ತ ಹೋಗುವ ಎರಡು ಅಂಕಿಸಾಲುಗಳನ್ನು ಪಕ್ಕಪಕ್ಕ ಇಟ್ಟರೆ, ನಡುವೆ ಏನೂ ಸಂಬಂಧವಿಲ್ಲದಿದ್ದರೂ ಗಟ್ಟಿ ನಂಟು ಇರುವಂತೆ ಲೆಕ್ಕ ತೋರಿಸಬಲ್ಲದು ಎಂದು ಕ್ಲೈವ್ ಗ್ರ್ಯಾಂಜರ್ ಮತ್ತು ಪಾಲ್ ನ್ಯೂಬೋಲ್ಡ್ 1974ರಲ್ಲೇ ಎಚ್ಚರಿಸಿದ್ದರು. ಚಿನ್ನದ ವಿಷಯದಲ್ಲಿ ನಂಟು ಪೂರ್ತಿ ಸುಳ್ಳಲ್ಲ, ಅದಕ್ಕೆ ತರ್ಕದ ಬುಡವಿದೆ. ಆದರೆ ಅದು ಎಷ್ಟು ಗಟ್ಟಿ ಎಂಬುದನ್ನು ನಕ್ಷೆ ಉಬ್ಬಿಸಿ ತೋರಿಸಿತು. ಇದನ್ನು ಪರೀಕ್ಷಿಸುವ ಬಗೆ ಕಷ್ಟದ್ದಲ್ಲ: ಸೂತ್ರ ಕಟ್ಟಲು ಬಳಸದ ವರ್ಷಗಳಲ್ಲಿ ಅದು ಹೇಗೆ ನಡೆಯಿತೆಂದು ನೋಡಬೇಕು, ಮತ್ತು ಸೂತ್ರದ ಬೆಲೆಗೂ ನಿಜ ಬೆಲೆಗೂ ಇರುವ ಅಂತರ ಕಾಲಕ್ರಮದಲ್ಲಿ ಮುಚ್ಚುತ್ತದೆಯೇ ಎಂದು ನೋಡಬೇಕು. 2022ರ ನಂತರ ಆ ಅಂತರ ಹಿಗ್ಗುತ್ತಲೇ ಹೋಯಿತು.

ಎರಡನೆಯ ಕಾರಣ, ಕೊಳ್ಳುವವರು ಬದಲಾದರು. 2022ರ ಆರಂಭದಲ್ಲಿ ಯುದ್ಧದ ಬೆನ್ನಿಗೆ ಪಶ್ಚಿಮದ ದೇಶಗಳು ರಷ್ಯಾದ ಕೇಂದ್ರೀಯ ಬ್ಯಾಂಕಿನ ಸುಮಾರು 300 ಶತಕೋಟಿ ಡಾಲರಿನಷ್ಟು ಮೀಸಲನ್ನು ಸ್ತಂಭನಗೊಳಿಸಿದವು. ಆ ವರ್ಷದಿಂದ 2024ರವರೆಗೆ ಜಗತ್ತಿನ ಕೇಂದ್ರೀಯ ಬ್ಯಾಂಕುಗಳು ಪ್ರತಿ ವರ್ಷ ಸಾವಿರ ಟನ್ನಿಗಿಂತ ಹೆಚ್ಚು ಚಿನ್ನ ಕೊಂಡವು. ಹಿಂದಿನ ದಶಕದ ಸರಾಸರಿಗೆ ಹೋಲಿಸಿದರೆ ಇದು ಸುಮಾರು ಎರಡು ಪಟ್ಟು. ಬಾಂಡು ಎಷ್ಟು ಬಡ್ಡಿ ಕೊಡುತ್ತದೆ ಎಂಬುದಕ್ಕಿಂತ ಅದು ನಾಳೆ ಕೈಗೆ ಸಿಗುತ್ತದೆಯೇ ಎಂದು ಯೋಚಿಸುವವರಿಗೆ ಶೇ 2.5ರ ಬಡ್ಡಿ ದೊಡ್ಡ ಆಮಿಷವಾಗುವುದಿಲ್ಲ. ಸೂತ್ರ ಎಣಿಸಿದ ‘ಕಳೆದುಕೊಂಡ ಬಡ್ಡಿ’ ಈ ಹೊಸ ಖರೀದಿದಾರರ ಲೆಕ್ಕದಲ್ಲಿ ಮುಖ್ಯವೇ ಆಗಿರಲಿಲ್ಲ.

ಹಾಗಾದರೆ ಬ್ಯಾಂಕುಗಳ ಖರೀದಿಯನ್ನೂ ಸೂತ್ರಕ್ಕೆ ಸೇರಿಸಬಹುದಲ್ಲ ಎಂದು ಕೇಳಬಹುದು. ಸೇರಿಸಿದರೆ ಕಳೆದ ವರ್ಷಗಳ ನಕ್ಷೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಮುಂದಿನ ಬೆಲೆ ಹೇಳಲು ಆ ಖರೀದಿಯನ್ನೇ ಮೊದಲು ಊಹಿಸಬೇಕು, ಅದು ಬೆಲೆಯನ್ನು ಊಹಿಸುವುದಕ್ಕಿಂತ ಸುಲಭವೇನಲ್ಲ. ನೈಜ ಬಡ್ಡಿ ದಿಢೀರನೆ ಜಿಗಿದ ದಿನ ಚಿನ್ನ ಈಗಲೂ ಇಳಿಯುವುದುಂಟು ಎಂಬ ವಾದವೂ ಇದೆ, ಅದು ಸರಿ. ಅದರಿಂದ ಸಿಗುವುದು ಆ ದಿನದ ದಿಕ್ಕು ಮಾತ್ರ. ಬೆಲೆ ಎಷ್ಟಿರಬೇಕು ಎಂಬ ಮಟ್ಟ ಅದರಿಂದ ಸಿಗುವುದಿಲ್ಲ.

ಉತ್ಪಾದನಾ ವೆಚ್ಚದ ವಾದ ಇದಕ್ಕಿಂತ ಭದ್ರವೆನಿಸುತ್ತದೆ: ವೆಚ್ಚಕ್ಕಿಂತ ಬೆಲೆ ಕೆಳಗಿಳಿದರೆ ಗಣಿಗಳು ಮುಚ್ಚುತ್ತವೆ, ಪೂರೈಕೆ ಕುಗ್ಗುತ್ತದೆ, ಬೆಲೆ ಮತ್ತೆ ಏರುತ್ತದೆ. ಈರುಳ್ಳಿಗೆ ಈ ಮಾತು ಒಪ್ಪುತ್ತದೆ, ಯಾಕೆಂದರೆ ಬೆಳೆದದ್ದು ಅದೇ ವರ್ಷ ತಿಂದು ಮುಗಿಯುತ್ತದೆ. ಚಿನ್ನ ಮುಗಿಯುವುದಿಲ್ಲ. ಈವರೆಗೆ ಅಗೆದು ತೆಗೆದ ಎರಡು ಲಕ್ಷ ಟನ್ನಿಗೂ ಹೆಚ್ಚು ಚಿನ್ನದ ಬಹುಪಾಲು ಇಂದಿಗೂ ಒಡವೆಯಾಗಿ, ಗಟ್ಟಿಯಾಗಿ ಉಳಿದಿದೆ. ಗಣಿಗಳು ವರ್ಷಕ್ಕೆ ಸೇರಿಸುವುದು ಸುಮಾರು 3,600 ಟನ್, ಅಂದರೆ ಇರುವುದರ ಶೇ 2ಕ್ಕಿಂತ ಕಡಿಮೆ. ಗಣಿಗಳ ಉತ್ಪಾದನೆ ಕಾಲುಭಾಗ ನಿಂತರೂ ಒಟ್ಟು ಸಂಗ್ರಹಕ್ಕೆ ಅದು ಅಷ್ಟೇನೂ ತಟ್ಟುವುದಿಲ್ಲ. ಕೆಜಿಎಫ್ ಇದಕ್ಕೆ ನಮ್ಮದೇ ಸಾಕ್ಷಿ. ಆಳ ಹೆಚ್ಚಿ, ಅದಿರಿನಲ್ಲಿ ಚಿನ್ನದ ಅಂಶ ತೆಳುವಾಗಿ, ಅಲ್ಲಿನ ವೆಚ್ಚ ಮಾರುಕಟ್ಟೆ ಬೆಲೆಯನ್ನು ಎಷ್ಟೋ ಮೀರಿತ್ತು. ಚಿನ್ನ ಔನ್ಸಿಗೆ ಸುಮಾರು 265 ಡಾಲರ್ ಇದ್ದ 2001ರಲ್ಲಿ ಗಣಿ ಮುಚ್ಚಿತು. ವೆಚ್ಚ ಬೆಲೆಯನ್ನು ಎತ್ತಿ ಹಿಡಿಯಲಿಲ್ಲ, ಬೆಲೆಯೇ ಗಣಿಯ ಹಣೆಬರಹ ಬರೆಯಿತು.

ಕೆಜಿಎಫ್ ಒಂದು ಗಣಿ ಮಾತ್ರ, ಜಗತ್ತಿನ ಸರಾಸರಿ ವೆಚ್ಚವಾದರೂ ಬೆಲೆಗೆ ತಳ ಹಾಕುತ್ತದೆ ಎನ್ನಬಹುದು. ಆದರೆ ಆ ಸರಾಸರಿಯೇ ಬೆಲೆಯ ಹಿಂದೆ ಓಡುತ್ತದೆ. ಗಣಿಯನ್ನು ನಡೆಸಿಕೊಂಡು ಹೋಗುವ ಎಲ್ಲ ಖರ್ಚನ್ನೂ ಕೂಡಿಸುವ ಒಂದು ಮಾಪನವನ್ನು ವಿಶ್ವ ಚಿನ್ನ ಮಂಡಳಿ 2013ರಲ್ಲಿ ಪ್ರಕಟಿಸಿತು. ಅದರ ಆಧಾರದ ಮೇಲೆ 1,200 ಡಾಲರಿನ ಸುತ್ತಮುತ್ತ ಬೆಲೆ ನಿಲ್ಲುತ್ತದೆ ಎಂಬ ಮಾತು ಆಗ ಕೇಳಿಬಂತು. 2015ರ ಡಿಸೆಂಬರಿನಲ್ಲಿ ಚಿನ್ನ 1,050ಕ್ಕೆ ಇಳಿಯಿತು, ಅಷ್ಟರಲ್ಲಿ ವೆಚ್ಚವೂ ಇಳಿದಿತ್ತು. ಗಣಿ ಕಂಪನಿಗಳು ತೆಳು ಅದಿರನ್ನು ಬದಿಗಿಟ್ಟು ಸತ್ವವುಳ್ಳದ್ದನ್ನು ಅಗೆದವು, ಡೀಸೆಲ್ ಅಗ್ಗವಾಯಿತು, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ರಷ್ಯಾಗಳ ಹಣ ಡಾಲರಿನೆದುರು ಬಿದ್ದು ಅಲ್ಲಿನ ಕೂಲಿ ಡಾಲರ್ ಲೆಕ್ಕದಲ್ಲಿ ಕಡಿಮೆಯಾಯಿತು. ಬೆಲೆ ಏರಿದಾಗ ಇದು ತಿರುಗಿ ನಡೆಯುತ್ತದೆ: ತೆಳು ಅದಿರೂ ಲಾಭ ತರುತ್ತದೆ, ಬೆಲೆಯ ಪಾಲಾಗಿ ಕೊಡುವ ರಾಜಧನ ಹೆಚ್ಚುತ್ತದೆ. ಬೆಲೆಯಿಂದ ಹುಟ್ಟಿದ ಅಂಕಿಯಿಂದ ಬೆಲೆಯನ್ನೇ ಅಳೆಯಹೊರಟರೆ ಉತ್ತರ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಈ ಸೂತ್ರಗಳನ್ನು ಎಸೆಯಬೇಕಿಲ್ಲ, ಓದುವ ಬಗೆ ಬದಲಾಗಬೇಕು. ವೆಚ್ಚದ ಅಂಕಿ ಗಣಿ ಕಂಪನಿಗಳ ಲಾಭನಷ್ಟ ತಿಳಿಯಲು ಸಾಕು. ನೈಜ ಬಡ್ಡಿಯ ಸೂತ್ರ ಹಿಂದಿನ ಖರೀದಿದಾರರು ಹೇಗಿದ್ದರು ಎಂಬುದರ ದಾಖಲೆ. ಅದರಿಂದ ಬೆಲೆ ದೂರ ಸರಿದಾಗ ‘ಚಿನ್ನ ದುಬಾರಿಯಾಗಿದೆ, ಇಳಿದೇ ಇಳಿಯುತ್ತದೆ’ ಎಂದು ತೀರ್ಪು ಕೊಡುವ ಮೊದಲು ಯಾರು ಹೊಸದಾಗಿ ಕೊಳ್ಳುತ್ತಿದ್ದಾರೆ, ಯಾವ ಭಯದಿಂದ ಎಂದು ಕೇಳಬೇಕು. ಆ ಖರೀದಿ ನಿಂತರೆ ಹಳೆಯ ನಂಟು ಮರಳಿ, ಬೆಲೆ ಜೋರಾಗಿ ಕುಸಿಯಲೂಬಹುದು. 2022ರಲ್ಲಿ ಸೂತ್ರದ ಅಂತರವನ್ನು ಮಾರುಕಟ್ಟೆಯ ತಪ್ಪೆಂದು ಓದಿದವರು ಚಿನ್ನ ಮಾರಿದ್ದರೆ ಮುಂದಿನ ಏರಿಕೆಯ ಲಾಭ ಕಳೆದುಕೊಂಡರು. ಅದನ್ನು ಪ್ರಶ್ನೆಯೆಂದು ಓದಿದವರಿಗೆ ಕೇಂದ್ರೀಯ ಬ್ಯಾಂಕುಗಳ ತಿರುವು ಬೇಗ ಕಾಣಿಸಿತು.