ಯಾವುದನ್ನು ಹೇಳಬೇಕು, ಯಾವುದನ್ನು ಕಂತಿಗೆ ಬಿಡಬೇಕು

ಪಾಡ್‌ಕಾಸ್ಟ್‌ನ ಹೊಸ ಕಂತು ಬಂದಿದೆ ಎಂದು ತಿಳಿಸುವ ಟೀಸರ್ ಪೋಸ್ಟ್ ನಾಲ್ಕೈದು ಸಾಲಿನದು. ಅದನ್ನು ಓದಿದವರು ಪ್ಲೇ ಒತ್ತುತ್ತಾರೋ ಇಲ್ಲವೋ ಎಂಬುದು, ಬರೆದವರು ಏನನ್ನು ಬಚ್ಚಿಟ್ಟರು ಎಂಬುದರ ಮೇಲೆ ನಿಂತಿರುತ್ತದೆ.

ಶಿವನಸಮುದ್ರದ ಜಲವಿದ್ಯುತ್ ಬಗ್ಗೆ ಒಂದು ಕಂತು ಮಾಡಿದ್ದೀರಿ ಎಂದುಕೊಳ್ಳಿ. ‘ನಮ್ಮ ನಾಡಿನ ಕರೆಂಟಿನ ರೋಚಕ ಕಥೆ, ತಪ್ಪದೇ ಕೇಳಿ’ ಎಂದು ಬರೆದರೆ ಓದುಗರ ಕೈಗೆ ಏನೂ ಸಿಗುವುದಿಲ್ಲ. ಯಾವ ಊರು, ಯಾವ ಕಾಲ, ಯಾರ ಕಥೆ ಎಂದೇ ತಿಳಿಯದವರಿಗೆ ಕುತೂಹಲ ಹುಟ್ಟುವುದಾದರೂ ಹೇಗೆ? ಇನ್ನು ಕೆಲವರು ಇಡೀ ಕಂತಿನ ಸಾರಾಂಶವನ್ನೇ ಬರೆದುಬಿಡುತ್ತಾರೆ: ದೂರದಿಂದ ತರಿಸುವ ಕಲ್ಲಿದ್ದಲು ಕೋಲಾರದ ಚಿನ್ನದ ಗಣಿಗಳಿಗೆ ದುಬಾರಿಯಾಗಿತ್ತು, ಕರೆಂಟು ಕೊಳ್ಳುತ್ತೇವೆಂದು ಅವು ಮೊದಲೇ ಒಪ್ಪಂದ ಮಾಡಿಕೊಂಡವು, ಆದ್ದರಿಂದ ಸರಬರಾಜು ಅಲ್ಲಿಗೇ ಮೊದಲು ಹೋಯಿತು. ಓದಿದವರು ‘ಓ, ಹೀಗೋ’ ಎಂದು ಲೈಕ್ ಒತ್ತಿ ಮುಂದೆ ಹೋಗುತ್ತಾರೆ.

ನಾನಾದರೆ ಹೀಗೆ ಬರೆಯುತ್ತೇನೆ: ‘1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅಷ್ಟು ದೊಡ್ಡ ಊರು ಮೂರು ವರ್ಷ ಕಾದದ್ದೇಕೆ?’ ಊರು, ಇಸವಿ, ಸೋಜಿಗ ಎಲ್ಲವನ್ನೂ ಕೊಟ್ಟಾಯಿತು. ತಡೆಹಿಡಿದದ್ದು ಕಾರಣವೊಂದನ್ನೇ. ಏನಾಯಿತು ಎಂಬುದನ್ನು ಧಾರಾಳವಾಗಿ ಹೇಳಿ, ಏಕಾಯಿತು ಎಂಬುದನ್ನು ಕಂತಿಗೆ ಬಿಡುವುದು ಬಹುಪಾಲು ವಿಷಯಗಳಿಗೆ ಒಗ್ಗುತ್ತದೆ. ಇನ್‌ಸ್ಟಾಗ್ರಾಂ ಉದ್ದದ ಬರಹವನ್ನು ಮಡಚಿ ಮೊದಲ ಸಾಲುಗಳನ್ನಷ್ಟೇ ತೋರಿಸುವುದರಿಂದ ಸೋಜಿಗ ಮೊದಲ ಸಾಲಿನಲ್ಲೇ ಇರಬೇಕು. ಅತಿಥಿಯ ಪರಿಚಯ ಆಮೇಲೆ ಬಂದರೂ ನಡೆಯುತ್ತದೆ. ಧ್ವನಿ ತುಣುಕು ಹಾಕುವುದಾದರೆ ಪ್ರಶ್ನೆ ಮುಗಿದು ಅತಿಥಿ ಉತ್ತರಕ್ಕೆ ಬಾಯಿ ತೆರೆಯುವಲ್ಲಿ ಕತ್ತರಿಸಿ.

ಪೋಸ್ಟ್ ಹಾಕುವ ಮೊದಲು ಕಂತು ಕೇಳಿರದ ಒಬ್ಬರಿಗೆ ಓದಿ ಹೇಳಿ. ‘ಯಾವುದರ ಬಗ್ಗೆ?’ ಎಂದು ಕೇಳಿದರೆ ಬಚ್ಚಿಟ್ಟದ್ದು ಹೆಚ್ಚಾಗಿದೆ. ‘ಹೌದಾ, ಯಾಕೆ?’ ಎಂದರೆ ಸರಿಯಾಗಿದೆ.

ಕೇಳಿದ ಪ್ರಶ್ನೆಗೆ ಕಂತು ಉತ್ತರ ಕೊಡಲೇಬೇಕು. ಆ ಮಾತು ಮುಕ್ಕಾಲು ಗಂಟೆಯಾದ ಮೇಲೆ ಬರುವುದಾದರೆ, ಆರಂಭದಲ್ಲೇ ಅದರ ಸುಳಿವಾದರೂ ಸಿಗಲಿ. ಕೇಳುಗರು ಎಲ್ಲಿ ಬಿಟ್ಟುಹೋದರು ಎಂಬುದನ್ನು ಆ್ಯಪಲ್ ಮತ್ತು ಸ್ಪಾಟಿಫೈ ಪಾಡ್‌ಕಾಸ್ಟ್ ಮಾಡುವವರಿಗೆ ಗ್ರಾಫಿನಲ್ಲಿ ತೋರಿಸುತ್ತವೆ. ಪ್ಲೇ ಒತ್ತಿದವರು ಬಹಳ ಮಂದಿ ಇದ್ದು, ಮೊದಲ ಕೆಲ ನಿಮಿಷಗಳಲ್ಲೇ ಗೆರೆ ಕುಸಿದಿದ್ದರೆ ಪೋಸ್ಟ್ ಒಂದನ್ನು ಹೇಳಿ ಕಂತು ಇನ್ನೊಂದನ್ನು ಕೊಟ್ಟಿರುವ ಸಾಧ್ಯತೆ ಹೆಚ್ಚು.

ಆರೋಗ್ಯದ ವಿಷಯಕ್ಕೆ ಮಾತ್ರ ಈ ಲೆಕ್ಕ ಸಲ್ಲದು. ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಎಂಬುದನ್ನು ಪೋಸ್ಟ್‌ನಲ್ಲೇ ಪೂರ್ತಿ ಬರೆಯಿರಿ. ಕಟ್ಟಿದರೆ ಏನಾಗುತ್ತದೆ ಎಂಬ ವೈದ್ಯರ ವಿವರಣೆಯನ್ನು ಕಂತಿನಲ್ಲಿ ಕೇಳಲಿ.